192 ಸೆಂಟಿಪಾಯ್ಸ್ ಮತ್ತು ಒಂದು ತಪ್ಪಿದ ಸೊನ್ನೆ: ಹಾಸನದ ಪಶು ಆಹಾರ ಗಿರಣಿಯ ಪ್ರಕರಣ

ಹಾಸನದ ಹೊರವಲಯದಲ್ಲಿ ಒಂದು ಚಿಕ್ಕ ಪಶು ಆಹಾರ ಗಿರಣಿ ಇದೆ. ಮೆಕ್ಕೆಜೋಳ, ಅಕ್ಕಿ ತೌಡು, ಹಿಂಡಿ ಎಲ್ಲವನ್ನೂ ಬೆರೆಸಿ, ಹಬೆ ಕೊಟ್ಟು, ಅಚ್ಚಿನ ತೂತುಗಳ ಮೂಲಕ ಒತ್ತಿ ಪೆಲೆಟ್ ಮಾಡುವ ಯಂತ್ರವೇ ಅಲ್ಲಿನ ಜೀವಾಳ. ಆ ಯಂತ್ರದ ಗೇರ್‌ಬಾಕ್ಸಿಗೆ ಎಣ್ಣೆ ತಾನಾಗಿ ಸಿಡಿದು ತಲುಪುವುದಿಲ್ಲ. ಪುಟ್ಟ ಗೇರ್ ಪಂಪೊಂದು ನಿಮಿಷಕ್ಕೆ 4 ಲೀಟರ್ ಎಣ್ಣೆಯನ್ನು ಟ್ಯಾಂಕಿನಿಂದ ಎತ್ತಿ, ಫಿಲ್ಟರ್ ದಾಟಿಸಿ, ಕೊಳವೆಯ ಮೂಲಕ ಮೇಲಿನ ಬೇರಿಂಗುಗಳಿಗೆ ಕಳುಹಿಸುತ್ತದೆ. ಕೊಳವೆಯ ತುದಿಯಲ್ಲಿ ಫ್ಲೋ ಸ್ವಿಚ್ ಇದೆ. ನಿಮಿಷಕ್ಕೆ 3 ಲೀಟರಿಗಿಂತ ಕಡಿಮೆ ಎಣ್ಣೆ ಹರಿದರೆ ಅದು ಮುಖ್ಯ ಮೋಟಾರನ್ನು ಚಾಲೂ ಆಗಲು ಬಿಡುವುದಿಲ್ಲ.

ಮೊದಲು ಪಂಪು, ಟ್ಯಾಂಕು ಎರಡೂ ಗೇರ್‌ಬಾಕ್ಸಿನ ಮಗ್ಗುಲಲ್ಲೇ ಇದ್ದವು. ತೌಡಿನ ಧೂಳು ಟ್ಯಾಂಕಿನ ಉಸಿರುಕಿಂಡಿಗೆ ಮೆತ್ತಿಕೊಂಡು ಎಣ್ಣೆ ಕೆಡುತ್ತಿದೆ ಎಂದು ಮಳೆಗಾಲದಲ್ಲಿ ಅವನ್ನು ಗೋಡೆಯಾಚೆಯ ತಗಡಿನ ಚಪ್ಪರಕ್ಕೆ ಸ್ಥಳಾಂತರಿಸಿದರು. ಅದು ಒಳ್ಳೆಯ ಕೆಲಸವೇ. ಆದರೆ 1 ಮೀಟರ್ ಇದ್ದ ಕೊಳವೆ 6 ಮೀಟರ್ ಆಯಿತು. ಕೊಳವೆಯ ಅಳತೆ ಮಾತ್ರ ಹಳೆಯದೇ: ಹೊರವ್ಯಾಸ 12 ಮಿಲಿಮೀಟರ್, ಒಳವ್ಯಾಸ 10 ಮಿಲಿಮೀಟರ್.

ಡಿಸೆಂಬರ್ ಬಂದಾಗ ತಕರಾರು ಶುರುವಾಯಿತು. ಬೆಳಗಿನ ಪಾಳಿಯವರು ಪಂಪು ಹಾಕಿದರೆ ಒತ್ತಡದ ಮಾಪಕ 10 ಬಾರ್‌ಗೆ ಏರಿ ಅಲ್ಲೇ ನಿಲ್ಲುತ್ತಿತ್ತು. ರಿಲೀಫ್ ವಾಲ್ವ್ ಕಿರುಗುಟ್ಟುತ್ತಾ ಎಣ್ಣೆಯನ್ನು ಟ್ಯಾಂಕಿಗೇ ಹಿಂದಿರುಗಿಸುತ್ತಿತ್ತು. ಫ್ಲೋ ಸ್ವಿಚ್ ಒಪ್ಪುತ್ತಿರಲಿಲ್ಲ, ಯಂತ್ರ ಹೊರಡುತ್ತಿರಲಿಲ್ಲ. ಬಿಸಿಲು ಚಪ್ಪರಕ್ಕೆ ಬಿದ್ದ ಮೇಲೆ ಎಲ್ಲವೂ ತಾನಾಗಿ ಸರಿಹೋಗುತ್ತಿತ್ತು. ಅಲ್ಲಿನ ಹಳೆಯ ಮೇಸ್ತ್ರಿ ಟ್ಯಾಂಕಿನ ಥರ್ಮಾಮೀಟರ್ ತೋರಿಸಿ ನನಗೆ ಹೇಳಿದ್ದು ಇಷ್ಟೇ: "ಸಾರ್, ಇದು 15ರಲ್ಲಿದ್ದರೆ ಹೊರಡುವುದಿಲ್ಲ, 20 ದಾಟಿದರೆ ಹೊರಡುತ್ತದೆ." ಇಡೀ ಪ್ರಕರಣದಲ್ಲಿ ಇದಕ್ಕಿಂತ ಬೆಲೆಯುಳ್ಳ ಅಳತೆ ಬೇರೆ ಸಿಗಲಿಲ್ಲ. ಆ ಮಾತು ಆ ಹೊತ್ತಿಗೆ ಯಾವ ಕಾಗದದಲ್ಲೂ ಇರಲಿಲ್ಲ.

ಕಾಗದದಲ್ಲಿದ್ದದ್ದು

ನಾನು ಹೋಗುವ ಮೊದಲೇ ಗಿರಣಿಯ ಕಿರಿಯ ಎಂಜಿನಿಯರ್ ಒಂದು ಟಿಪ್ಪಣಿ ಸಿದ್ಧಪಡಿಸಿದ್ದ. ಡಿಪ್ಲೊಮಾ ಮುಗಿಸಿ ಬಂದ ಹುಡುಗ, ಕೈಯೂ ಚುರುಕು, ಲೆಕ್ಕಕ್ಕೆ ಹಿಂಜರಿಯುವವನಲ್ಲ. ಎಣ್ಣೆಯ ಮಾಹಿತಿ ಹಾಳೆ ತರಿಸಿಕೊಂಡು, ಕೊಳವೆಯಲ್ಲಿ ಎಷ್ಟು ಒತ್ತಡ ಕರಗುತ್ತದೆ ಎಂದು ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದ್ದ. ಹಾಳೆಯಲ್ಲಿ ನಮಗೆ ಬೇಕಾದ ಸಾಲುಗಳು ಇವು:

```
ISO viscosity grade             220
Kinematic viscosity @ 40 °C     220 cSt
Kinematic viscosity @ 100 °C    19.0 cSt
Dynamic viscosity @ 40 °C       192 cP
Density @ 15 °C                 0.890 g/cm³
Pour point                      -9 °C
```

ಎಕ್ಸೆಲ್ ಹಾಳೆಯ ಕೋಶವೊಂದು ಸ್ನಿಗ್ಧತೆಯನ್ನು, ಅಂದರೆ ಎಣ್ಣೆ ಎಷ್ಟು ದಪ್ಪ ಎಂಬುದನ್ನು, ಪಾಸ್ಕಲ್ ಸೆಕೆಂಡಿನಲ್ಲಿ ಕೇಳುತ್ತಿತ್ತು. ಮಾಹಿತಿ ಹಾಳೆ ಸೆಂಟಿಪಾಯ್ಸ್‌ನಲ್ಲಿ ಕೊಟ್ಟಿತ್ತು. ಹುಡುಗ 192ನ್ನು 100ರಿಂದ ಭಾಗಿಸಿ 1.92 ಎಂದು ತುಂಬಿದ್ದ. ಉತ್ತರ ಬಂದದ್ದು 31 ಬಾರ್.

"ರಿಲೀಫ್ ವಾಲ್ವ್ 10 ಬಾರ್‌ಗೆ ಇದೆ, ಕೊಳವೆ 31 ಬಾರ್ ಬೇಡುತ್ತಿದೆ, ಅದಕ್ಕೇ ಬೆಳಿಗ್ಗೆ ಯಂತ್ರ ಹೊರಡುತ್ತಿಲ್ಲ" ಎಂದು ಟಿಪ್ಪಣಿ ಹೇಳುತ್ತಿತ್ತು. ಪರಿಹಾರ ಎರಡು ಸೂಚಿಸಿದ್ದ. ಒಂದು, ರಿಲೀಫ್ ವಾಲ್ವನ್ನು 35 ಬಾರ್‌ಗೆ ಬಿಗಿ ಮಾಡಿ, ಪಂಪಿನ 0.37 ಕಿಲೋವ್ಯಾಟ್ ಮೋಟಾರಿನ ಬದಲು 0.75 ಕಿಲೋವ್ಯಾಟ್ ಹಾಕುವುದು. ಇನ್ನೊಂದು, ಇಡೀ ಕೊಳವೆಯನ್ನು 20 ಮಿಲಿಮೀಟರ್ ಒಳವ್ಯಾಸಕ್ಕೆ ಬದಲಿಸುವುದು. ಮಾಲೀಕರ ಮನಸ್ಸು ಮೊದಲನೆಯದರ ಕಡೆಗೆ ವಾಲಿತ್ತು. ಮೋಟಾರಿನ ಮಾತು ಆಮೇಲೆ ನೋಡೋಣ, ಸದ್ಯಕ್ಕೆ ಸ್ಕ್ರೂ ತಿರುಗಿಸಿ ನೋಡೋಣ ಎಂಬುದು ಅವರ ವಾದ. ಸ್ಪ್ಯಾನರ್ ಹಿಡಿದು ಎರಡು ಸುತ್ತು ತಿರುಗಿಸುವುದಕ್ಕೆ ಖರ್ಚಿಲ್ಲವಲ್ಲ.

ಪಂಪಿನ ಪಕ್ಕದಲ್ಲಿದ್ದ ಫಿಲ್ಟರ್ ಬಟ್ಟಲಿನ ಮೇಲೆ 16 ಬಾರ್ ಎಂದು ಅಚ್ಚೊತ್ತಿತ್ತು.

ಭಾಗಿಸಬೇಕಾದದ್ದು 1000ದಿಂದ

ಹುಡುಗನ ತಪ್ಪು ಬಹಳ ಸಹಜವಾದದ್ದು. ಅದಕ್ಕೇ ಅದನ್ನು ಬಿಡಿಸಿ ನೋಡಬೇಕು. ಸೆಂಟಿ ಎಂದರೆ ನೂರರಲ್ಲೊಂದು ಪಾಲು. ಸೆಂಟಿಮೀಟರನ್ನು 100ರಿಂದ ಭಾಗಿಸಿದರೆ ಮೀಟರ್ ಬರುತ್ತದೆ. ಹಾಗಾಗಿ ಸೆಂಟಿಪಾಯ್ಸನ್ನೂ 100ರಿಂದ ಭಾಗಿಸಲು ಕೈ ತಾನಾಗಿ ಹೋಗುತ್ತದೆ. ಭಾಗಿಸಿದರೆ ಏನೋ ಒಂದು ಬರುವುದೂ ನಿಜ. ಆದರೆ ಬರುವುದು ಪಾಯ್ಸ್, ಪಾಸ್ಕಲ್ ಸೆಕೆಂಡ್ ಅಲ್ಲ.

ಪಾಯ್ಸ್ ಹಳೆಯ ಸೆಂಟಿಮೀಟರ್–ಗ್ರಾಂ–ಸೆಕೆಂಡ್ ಪದ್ಧತಿಯ ಮಾನ. ಒಂದು ಚದರ ಸೆಂಟಿಮೀಟರಿಗೆ ಒಂದು ಡೈನ್ ಬಲ, ಒಂದು ಸೆಕೆಂಡ್. ಪಾಸ್ಕಲ್ ಸೆಕೆಂಡ್‌ನಲ್ಲಿ ಬಲ ನ್ಯೂಟನ್ನಿನಲ್ಲಿ, ಕ್ಷೇತ್ರ ಚದರ ಮೀಟರಿನಲ್ಲಿ. ಒಂದು ಡೈನ್ ಎಂದರೆ ನ್ಯೂಟನ್ನಿನ ಒಂದು ಲಕ್ಷದಲ್ಲೊಂದು ಪಾಲು. ಒಂದು ಚದರ ಸೆಂಟಿಮೀಟರ್ ಎಂದರೆ ಚದರ ಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಬಲ ಒಂದು ಲಕ್ಷ ಪಟ್ಟು ಕುಗ್ಗಿದರೆ ಕ್ಷೇತ್ರ ಹತ್ತು ಸಾವಿರ ಪಟ್ಟು ಮಾತ್ರ ಕುಗ್ಗುತ್ತದೆ. ಅವೆರಡರ ನಡುವೆ ಉಳಿಯುವ ಹತ್ತೇ ಇಲ್ಲಿ ತಪ್ಪಿಹೋದ ಸೊನ್ನೆ.

```
1 P  = 1e-5 N·s / 1e-4 m² = 0.1 Pa·s
1 cP = 0.01 P             = 0.001 Pa·s = 1 mPa·s

192 cP = 192 mPa·s = 0.192 Pa·s
```

ನಾನು ಇದನ್ನು ಕಲಿಸುವಾಗ ಭಾಗಾಕಾರವನ್ನೇ ಹೇಳುವುದಿಲ್ಲ. ಸೆಂಟಿಪಾಯ್ಸ್ ಮತ್ತು ಮಿಲಿಪಾಸ್ಕಲ್ ಸೆಕೆಂಡ್ ಎರಡಕ್ಕೂ ಅಂಕಿ ಒಂದೇ. ಹಾಳೆಯಲ್ಲಿ 192 cP ಎಂದಿದ್ದರೆ ಅದನ್ನು ಹಾಗೆಯೇ 192 mPa·s ಎಂದು ಬರೆದುಕೊಳ್ಳಿ. ಆಮೇಲೆ ಮಿಲಿ ತೆಗೆಯುವುದು ಎಲ್ಲರಿಗೂ ಗೊತ್ತು. ಇಲ್ಲಿ ಸೆಂಟಿಯ ಗೊಡವೆಯೇ ಬರುವುದಿಲ್ಲ. ಹೊಸ ಮಾಹಿತಿ ಹಾಳೆಗಳಲ್ಲಿ ಹಲವು ನೇರವಾಗಿ mPa·s ಎಂದೇ ಮುದ್ರಿಸುತ್ತವೆ. ಅದನ್ನು ಕಂಡು ಇದು ಬೇರೆ ಯಾವುದೋ ಅಳತೆ ಎಂದು ಗಾಬರಿ ಬೀಳಬೇಕಿಲ್ಲ.

ಇದನ್ನು ಇನ್ನೊಂದು ದಾರಿಯಿಂದಲೂ ತಾಳೆ ನೋಡಬಹುದು. ಅದೇ ಹಾಳೆಯಲ್ಲಿ 220 ಸೆಂಟಿಸ್ಟೋಕ್ಸ್ ಎಂಬ ಸಾಲಿದೆ. ಅದು ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿದ ಅಂಕಿ. ಒಂದು ಸೆಂಟಿಸ್ಟೋಕ್ಸ್ ಎಂದರೆ ಸೆಕೆಂಡಿಗೆ ಒಂದು ಚದರ ಮಿಲಿಮೀಟರ್. ಸಾಂದ್ರತೆಯನ್ನು 15 ಡಿಗ್ರಿಯಲ್ಲಿ ಕೊಟ್ಟಿದ್ದಾರೆ. ಖನಿಜ ಎಣ್ಣೆ ಪ್ರತಿ ಡಿಗ್ರಿಗೆ ಸುಮಾರು 0.00065ರಷ್ಟು ಹಗುರಾಗುತ್ತದೆಂದು ಹಿಡಿದರೆ 40 ಡಿಗ್ರಿಯಲ್ಲಿ ಅದು 0.874, ಅಂದರೆ ಘನಮೀಟರಿಗೆ 874 ಕಿಲೋಗ್ರಾಂ.

```
220e-6 m²/s × 874 kg/m³ = 0.192 Pa·s
```

ಎರಡು ದಾರಿಯಲ್ಲಿ ಹೋದರೂ ಒಂದೇ ಊರು ಸಿಕ್ಕಿತು. ಹಾಳೆಯಲ್ಲಿ ಎರಡೂ ಸಾಲುಗಳಿದ್ದಾಗ ಈ ಗುಣಾಕಾರಕ್ಕೆ ಒಂದು ನಿಮಿಷವೂ ಬೇಡ, ಹತ್ತು ಪಟ್ಟಿನ ತಪ್ಪು ಇದರಲ್ಲಿ ಅಡಗಿ ಕೂರಲು ಸಾಧ್ಯವೇ ಇಲ್ಲ. ಸೆಂಟಿಸ್ಟೋಕ್ಸ್ ಮಾತ್ರ ಕೊಟ್ಟಿರುವ ಹಾಳೆಗಳೇ ಹೆಚ್ಚು. ಆಗ ಸೆಂಟಿಪಾಯ್ಸ್ ಬೇಕಿದ್ದರೆ ಸೆಂಟಿಸ್ಟೋಕ್ಸನ್ನು ಗ್ರಾಂ ಲೆಕ್ಕದ ಸಾಂದ್ರತೆಯಿಂದ ಗುಣಿಸಿದರೆ ಆಯಿತು.

220ನ್ನೇ ಸೆಂಟಿಪಾಯ್ಸ್ ಎಂದು ತಪ್ಪಾಗಿ ಎತ್ತಿಕೊಂಡರೆ 0.220 ಬರುತ್ತದೆ, ಸುಮಾರು 15 ಶೇಕಡಾ ಹೆಚ್ಚು. ಅದು ತಪ್ಪೇ. ಆದರೆ 220 ದರ್ಜೆಯ ಎಣ್ಣೆಯೇ 198ರಿಂದ 242 ಸೆಂಟಿಸ್ಟೋಕ್ಸ್‌ವರೆಗೆ ಇರಬಹುದು ಎಂದು ಐಎಸ್‌ಒ ದರ್ಜೆಯ ನಿಯಮ ಬಿಟ್ಟುಕೊಡುತ್ತದೆ. ಕೊಳವೆಯ ಲೆಕ್ಕದಲ್ಲಿ ಆ 15 ಶೇಕಡಾಕ್ಕೆ ನಾನು ನಿದ್ದೆ ಕೆಡಿಸಿಕೊಳ್ಳುವುದಿಲ್ಲ. ಸೆಂಟಿಸ್ಟೋಕ್ಸನ್ನು ಸೆಕೆಂಡಿಗೆ ಚದರ ಮೀಟರ್ ಲೆಕ್ಕಕ್ಕೆ ತಿರುಗಿಸಿ, ಸಾಂದ್ರತೆಯಿಂದ ಗುಣಿಸುವುದನ್ನು ಮರೆತು, 0.00022 ಎಂದು ಕೋಶದಲ್ಲಿ ತುಂಬಿದರೆ ಮಾತ್ರ ಎಣ್ಣೆ ನೀರಿಗಿಂತ ತೆಳ್ಳಗಾಗಿಬಿಡುತ್ತದೆ. ನೀರು 20 ಡಿಗ್ರಿಯಲ್ಲಿ ಸುಮಾರು 1 ಮಿಲಿಪಾಸ್ಕಲ್ ಸೆಕೆಂಡ್, ಅಂದರೆ 0.001. ಗೇರ್ ಎಣ್ಣೆಯ ಅಂಕಿ ಅದಕ್ಕಿಂತ ಕೆಳಗೆ ಬಂದರೆ ಮುಂದೆ ಓದುವುದೇ ಬೇಡ.

ತಪ್ಪು ಏಕೆ ಸಿಕ್ಕಿಬೀಳಲಿಲ್ಲ

ಈ ಪ್ರಕರಣವನ್ನು ನಾನು ಬರೆಯಲು ಕೂತದ್ದೇ ಈ ಭಾಗಕ್ಕಾಗಿ. ಹತ್ತು ಪಟ್ಟು ತಪ್ಪಿದ ಅಂಕಿ ಸಾಮಾನ್ಯವಾಗಿ ಅಸಂಬದ್ಧವಾಗಿ ಕಾಣಬೇಕು. ಇಲ್ಲಿ ಕಾಣಲಿಲ್ಲ. ಬದಲಿಗೆ ಅದು ಬೆಳಗಿನ ತೊಂದರೆಗೆ ವಿವರಣೆಯಂತೆಯೇ ಕಂಡಿತು. ಯಂತ್ರ ಹೊರಡುತ್ತಿಲ್ಲ, ಲೆಕ್ಕವೂ ಹೊರಡದು ಎನ್ನುತ್ತಿದೆ. ಎರಡೂ ಒಂದೇ ಮಾತು ಹೇಳುವಾಗ ಯಾರು ತಾನೇ ಅನುಮಾನ ಪಡುತ್ತಾರೆ?

ಮೊದಲು ಲೆಕ್ಕವನ್ನೇ ಸರಿಯಾದ ಅಂಕಿಯಿಂದ ಮಾಡೋಣ. ದುಂಡನೆಯ ಕೊಳವೆಯಲ್ಲಿ ಎಣ್ಣೆ ನಿಧಾನವಾಗಿ, ಪದರ ಪದರವಾಗಿ ಹರಿಯುವಾಗ ಕರಗುವ ಒತ್ತಡಕ್ಕೆ ಒಂದು ಸರಳ ಸೂತ್ರವಿದೆ. ರಕ್ತನಾಳದಂಥ ಸಣ್ಣ ಕೊಳವೆಗಳಲ್ಲಿ ದ್ರವ ಹೇಗೆ ಹರಿಯುತ್ತದೆಂದು 19ನೇ ಶತಮಾನದಲ್ಲಿ ಅಳೆದ ಫ್ರಾನ್ಸಿನ ಪ್ವಾಸೆಯ್ ಅವರ ಹೆಸರು ಅದಕ್ಕಿದೆ. ಪಾಯ್ಸ್ ಎಂಬ ಮಾನಕ್ಕೂ ಅವರದೇ ಹೆಸರು.

```
ΔP = 128 · μ · L · Q / (π · d⁴)

L = 6 m
Q = 4 L/min = 6.67e-5 m³/s
d = 0.010 m

ΔP = 1.63e6 × μ
μ = 0.192 Pa·s  →  3.13e5 Pa = 3.1 bar
```

ಉದ್ದ ಮೀಟರಿನಲ್ಲಿ, ಹರಿವು ಸೆಕೆಂಡಿಗೆ ಘನಮೀಟರಿನಲ್ಲಿ, ವ್ಯಾಸ ಮೀಟರಿನಲ್ಲಿ, ಸ್ನಿಗ್ಧತೆ ಪಾಸ್ಕಲ್ ಸೆಕೆಂಡಿನಲ್ಲಿ. ಎಲ್ಲವೂ ಒಂದೇ ಪದ್ಧತಿಯಲ್ಲಿದ್ದರೆ ಉತ್ತರ ನೇರವಾಗಿ ಪಾಸ್ಕಲ್ಲಿನಲ್ಲಿ ಬರುತ್ತದೆ, 1 ಲಕ್ಷದಿಂದ ಭಾಗಿಸಿದರೆ ಬಾರ್. ಈ ಸೂತ್ರ ನಡೆಯುವುದು, ಹರಿವು ಪದರ ಪದರವಾಗಿದೆಯೋ ಕದಡಿದೆಯೋ ಎಂದು ಹೇಳುವ ರೆನಾಲ್ಡ್ಸ್ ಸಂಖ್ಯೆ ಸುಮಾರು 2000ಕ್ಕಿಂತ ಕೆಳಗಿದ್ದಾಗ. ಇಲ್ಲಿ ಅದು 40ರ ಆಸುಪಾಸು, ಹಾಗಾಗಿ ಚಿಂತೆಯಿಲ್ಲ.

40 ಡಿಗ್ರಿಯಲ್ಲಿ 3.1 ಬಾರ್. ಹುಡುಗನ ಲೆಕ್ಕದಲ್ಲಿ 31. ಎರಡರಲ್ಲಿ ಯಾವುದು ನಿಜ ಎಂದು ಕೇಳಬೇಕಾದದ್ದು ಮಾಪಕವನ್ನು. ಮಧ್ಯಾಹ್ನ ಎಣ್ಣೆ ಬೆಚ್ಚಗಾಗಿ ಟ್ಯಾಂಕು 40 ಡಿಗ್ರಿ ತೋರಿಸುತ್ತಿದ್ದಾಗ ಪಂಪಿನ ಬಳಿಯ ಮಾಪಕ ಮೂರೂವರೆ ಬಾರ್ ದಾಟಿ ಸ್ವಲ್ಪ ಮೇಲೆ ನಿಂತಿತ್ತು. ಕೊಳವೆಯ 3.1ರ ಜೊತೆ ಫಿಲ್ಟರ್ ಮತ್ತು ಮೊಣಕೈ ಜೋಡಣೆಗಳದ್ದು ಸೇರಿದರೆ ಅಲ್ಲಿಗೇ ಬರುತ್ತದೆ. 1.92 ನಿಜವಾಗಿದ್ದರೆ ಆ ಹೊತ್ತಿನಲ್ಲೂ ರಿಲೀಫ್ ವಾಲ್ವ್ ತೆರೆದುಕೊಂಡಿರಬೇಕಿತ್ತು. ಕೊಳವೆಯಲ್ಲಿ ನಿಮಿಷಕ್ಕೆ 1.3 ಲೀಟರ್ ಮಾತ್ರ ಹರಿದು, ಫ್ಲೋ ಸ್ವಿಚ್ ದಿನವಿಡೀ ಮುನಿಸಿಕೊಂಡು ಕೂರಬೇಕಿತ್ತು. ಗಿರಣಿಯೋ ಪ್ರತಿ ಮಧ್ಯಾಹ್ನ ಸಲೀಸಾಗಿ ಓಡುತ್ತಿತ್ತು. ಹಾಳೆಯ ಉತ್ತರವನ್ನು ಯಂತ್ರವೇ ದಿನವೂ ಸುಳ್ಳು ಮಾಡುತ್ತಿತ್ತು, ಆದರೆ ಟಿಪ್ಪಣಿಯಲ್ಲಿ ತಾಪಮಾನವೇ ಬರೆದಿರದ ಕಾರಣ ಅದು ಯಾವ ಹೊತ್ತಿನ ಉತ್ತರ ಎಂದು ಯಾರಿಗೂ ಹೊಳೆಯಲಿಲ್ಲ.

ಹಾಗಾದರೆ ಬೆಳಗಿನ 15 ಡಿಗ್ರಿಯಲ್ಲಿ ನಿಜವಾಗಿ ಎಷ್ಟು? ಮಾಹಿತಿ ಹಾಳೆ ಅದನ್ನು ಹೇಳುವುದಿಲ್ಲ. ಅದರಲ್ಲಿರುವುದು 40 ಮತ್ತು 100 ಡಿಗ್ರಿಯ ಅಂಕಿಗಳು ಮಾತ್ರ. ಆದರೆ ಆ ಎರಡು ಬಿಂದುಗಳಿದ್ದರೆ ಖನಿಜ ಎಣ್ಣೆಯ ನಡವಳಿಕೆಯನ್ನು ನಡುವಿನ ಮತ್ತು ಸ್ವಲ್ಪ ಆಚೀಚಿನ ತಾಪಮಾನಕ್ಕೆ ಊಹಿಸಬಹುದು. ASTM D341 ಎಂಬ ಮಾನಕದ ಚಾರ್ಟಿನಲ್ಲಿ ಎರಡು ಬಿಂದು ಗುರುತಿಸಿ ಸ್ಕೇಲ್ ಇಟ್ಟು ಗೆರೆ ಎಳೆಯುವುದು ಹಳೆಯ ಪದ್ಧತಿ. ಅದೇ ಗೆರೆ ಸೂತ್ರದಲ್ಲಿ ಹೀಗಿದೆ, ತಾಪಮಾನ ಕೆಲ್ವಿನ್‌ನಲ್ಲಿ:

```
log10(log10(ν + 0.7)) = A − B · log10(T)

40 °C: 220 cSt,  100 °C: 19 cSt  →  B ≈ 3.39

15 °C: ν ≈ 1280 cSt × 0.890  ≈ 1140 cP = 1.14 Pa·s
20 °C: ν ≈  850 cSt × 0.887  ≈  755 cP = 0.755 Pa·s
```

15 ಡಿಗ್ರಿಯಲ್ಲಿ ಅದೇ ಎಣ್ಣೆ 1.14 ಪಾಸ್ಕಲ್ ಸೆಕೆಂಡ್, 40 ಡಿಗ್ರಿಯಲ್ಲಿ ಇದ್ದದ್ದಕ್ಕಿಂತ ಸುಮಾರು ಆರು ಪಟ್ಟು. ತಣ್ಣಗಾಗುವುದರಿಂದ ಆರು ಪಟ್ಟು ದಪ್ಪವಾದದ್ದನ್ನು, ಹುಡುಗನ ಕೈಯಲ್ಲಿ ತಪ್ಪಿದ ಹತ್ತು ಪಟ್ಟು ಮುಚ್ಚಿಹಾಕಿತ್ತು. 1.92 ಎಂಬ ಅಂಕಿ ಈ ಎಣ್ಣೆಗೆ ಅಸಾಧ್ಯವೂ ಅಲ್ಲ. 10 ಡಿಗ್ರಿಗಿಂತ ತುಸು ಕೆಳಗೆ ಅದು ಅಷ್ಟೇ ದಪ್ಪಗಿರುತ್ತದೆ. ಹೀಗಾಗಿ ಪಾಸ್ಕಲ್ ಸೆಕೆಂಡಿನ ಅಂಕಿಯೊಂದನ್ನು ಒಂಟಿಯಾಗಿ ನೋಡಿ ಇದು ಸರಿ, ಇದು ತಪ್ಪು ಎಂದು ಅನುಭವಸ್ಥರೂ ಹೇಳಲಾರರು. ಪಕ್ಕದಲ್ಲಿ ತಾಪಮಾನ ಬರೆದಿದ್ದರೆ ಮಾತ್ರ ಹೇಳಬಹುದು. 220 ದರ್ಜೆಯ ಎಣ್ಣೆ 40 ಡಿಗ್ರಿಯಲ್ಲಿ 1.92 ಇರುವುದು ಎಂದಿಗೂ ಸಾಧ್ಯವಿಲ್ಲ, ಏಕೆಂದರೆ ಆ 220 ಎಂಬ ದರ್ಜೆಯೇ 40 ಡಿಗ್ರಿಯ ಸೆಂಟಿಸ್ಟೋಕ್ಸ್ ಅಂಕಿ.

ತಾಪಮಾನವಿಲ್ಲದೆ ಸೆಂಟಿಪಾಯ್ಸ್ ಸಾಲನ್ನು ಎತ್ತಿಕೊಳ್ಳುವ ಅಪಾಯ ವಾಹನದ ಎಣ್ಣೆಗಳ ಹಾಳೆಯಲ್ಲಿ ಇನ್ನೂ ದೊಡ್ಡದು. 15W-40 ಎಂಜಿನ್ ಎಣ್ಣೆಗೆ ಮೈನಸ್ 20 ಡಿಗ್ರಿಯ ಚಳಿಯಲ್ಲಿ 7000 ಸೆಂಟಿಪಾಯ್ಸ್ ಮೀರಬಾರದೆಂಬ ಮಿತಿ ಇದೆ. 150 ಡಿಗ್ರಿಯಲ್ಲಿ 3.7 ಸೆಂಟಿಪಾಯ್ಸ್‌ಗಿಂತ ಕಡಿಮೆಯಾಗಬಾರದೆಂಬ ಮಿತಿಯೂ ಇದೆ. ಒಂದೇ ಎಣ್ಣೆಯ ಒಂದೇ ಪುಟದಲ್ಲಿ ಒಂದು ಸಾಲು 7 ಪಾಸ್ಕಲ್ ಸೆಕೆಂಡ್ ಆದರೆ ಇನ್ನೊಂದು 0.0037. ಗೇರ್ ಎಣ್ಣೆ 80W-90ರ ಹಾಳೆಯಲ್ಲಿ ಮೈನಸ್ 26 ಡಿಗ್ರಿಯ 1,50,000 ಸೆಂಟಿಪಾಯ್ಸ್ ಮಿತಿಯ ಸಾಲು ಕಾಣುತ್ತದೆ. ಹಾಸನದ ಚಳಿ ಎಷ್ಟೇ ಕೊರೆದರೂ ಆ ಸಾಲುಗಳಿಂದ ನಮಗೆ ಆಗಬೇಕಾದದ್ದು ಏನೂ ಇಲ್ಲ.

ಮೇಸ್ತ್ರಿಯ 20 ಡಿಗ್ರಿ

ಸರಿಯಾದ ಅಂಕಿ ಕೈಗೆ ಬಂದ ಮೇಲೆ ಬೆಳಗಿನ ದೃಶ್ಯ ತಾನಾಗಿ ಬಿಡಿಸಿಕೊಂಡಿತು. 15 ಡಿಗ್ರಿಯಲ್ಲಿ ನಿಮಿಷಕ್ಕೆ 4 ಲೀಟರ್ ತಳ್ಳಲು 18.5 ಬಾರ್ ಬೇಕು. ರಿಲೀಫ್ ವಾಲ್ವ್ 10ಕ್ಕೆ ತೆರೆಯುತ್ತದೆ. ಹರಿವು ಒತ್ತಡದ ಪ್ರಮಾಣದಲ್ಲೇ ಇರುವುದರಿಂದ ಕೊಳವೆಯಲ್ಲಿ ಹೋಗುವುದು ಹೆಚ್ಚೆಂದರೆ 2.2 ಲೀಟರ್, ಉಳಿದದ್ದು ಟ್ಯಾಂಕಿಗೆ ವಾಪಸು. ಫ್ಲೋ ಸ್ವಿಚ್ಚಿಗೆ 3 ಬೇಕು, ಒಪ್ಪುವುದಿಲ್ಲ.

20 ಡಿಗ್ರಿಯಲ್ಲಿ 3 ಲೀಟರ್ ಹರಿಯಲು ಕೊಳವೆಗೆ 9.2 ಬಾರ್ ಸಾಕು. ಫಿಲ್ಟರಿನದ್ದು ಸೇರಿದರೆ 10ರ ಅಂಚಿಗೆ ಬರುತ್ತದೆ. 20 ದಾಟಿದರೆ ಹೊರಡುತ್ತದೆ ಎಂದು ಮೇಸ್ತ್ರಿ ಹೇಳಿದ್ದು ಇದೇ ಅಂಚನ್ನು. ಲೆಕ್ಕದ ಹಾಳೆಯನ್ನು ಅವರ ಮುಂದಿಟ್ಟು ಹುಡುಗ ಇದನ್ನು ವಿವರಿಸಿದಾಗ ಅವರು, "ನಾನು ಮೊದಲ ದಿನವೇ ಹೇಳಲಿಲ್ಲವೇ?" ಎಂದರು. ಹೇಳಿದ್ದರು, ನಿಜ.

ಇನ್ನೊಂದು ಸಂಗತಿಯೂ ತಿಳಿಯಾಯಿತು. ಹಿಂದಿನ ವರ್ಷದ ಚಳಿಗಾಲದಲ್ಲಿ ಇದೇ ಎಣ್ಣೆ, ಇದೇ ಪಂಪು ಇದ್ದೂ ತೊಂದರೆ ಬಂದಿರಲಿಲ್ಲ. ಕೊಳವೆ ಆಗ 1 ಮೀಟರ್ ಇತ್ತು, 15 ಡಿಗ್ರಿಯಲ್ಲೂ 3 ಬಾರ್‌ನಲ್ಲಿ ಮುಗಿಯುತ್ತಿತ್ತು. ಎಣ್ಣೆ ಕೊಟ್ಟವರು ಕಳಪೆ ಮಾಲು ಹಾಕಿದ್ದಾರೆ ಎಂಬ ಗುಮಾನಿ ಅಷ್ಟರಲ್ಲಿ ಗಿರಣಿಯಲ್ಲಿ ಹರಡಿತ್ತು. ಅದಕ್ಕೆ ಆಧಾರವಿರಲಿಲ್ಲ.

ಏನು ಮಾಡಿದೆವು, ಏನು ಮಾಡಲಿಲ್ಲ

ರಿಲೀಫ್ ವಾಲ್ವನ್ನು ಮುಟ್ಟಲಿಲ್ಲ. 35 ಬಾರ್‌ಗೆ ಬಿಗಿ ಮಾಡಿದ್ದರೆ ಮರುದಿನ ಬೆಳಿಗ್ಗೆ ನಿಜವಾಗಿ ಏರುತ್ತಿದ್ದ ಒತ್ತಡ 18.5 ಬಾರ್, 16 ಬಾರ್‌ನ ಫಿಲ್ಟರ್ ಬಟ್ಟಲಿನ ಮಿತಿಗೆ ಮೇಲೆ. ಕೊಳವೆಯಲ್ಲಿ ಎಲ್ಲಾದರೂ ಕಟ್ಟಿಕೊಂಡರೆ ಒತ್ತಡ 35ರವರೆಗೂ ಏರಬಹುದಿತ್ತು. ತಪ್ಪು ಘಟಕ ಪರಿವರ್ತನೆ ಹಾಳೆಯ ಮೇಲೆ ಯಾರಿಗೂ ನೋವು ಮಾಡುವುದಿಲ್ಲ. ಅದನ್ನು ನಂಬಿ ಸುರಕ್ಷಾ ವಾಲ್ವಿನ ಸ್ಕ್ರೂ ತಿರುಗಿಸಿದಾಗ ಮಾಡುತ್ತದೆ. ಮಾಲೀಕರಿಗೆ ಬಟ್ಟಲಿನ ಮೇಲಿನ ಅಚ್ಚನ್ನು ಬೆರಳಿಟ್ಟು ತೋರಿಸಿದೆ, ಮಾತು ಅಲ್ಲಿಗೇ ನಿಂತಿತು.

ಮೋಟಾರನ್ನೂ ಬದಲಿಸಲಿಲ್ಲ. ನಿಮಿಷಕ್ಕೆ 4 ಲೀಟರನ್ನು 10 ಬಾರ್‌ಗೆ ತಳ್ಳಲು ಬೇಕಾದದ್ದು 67 ವ್ಯಾಟ್. ಪಂಪು ಅರ್ಧ ಶಕ್ತಿಯನ್ನು ವ್ಯರ್ಥ ಮಾಡುತ್ತದೆಂದು ಹಿಡಿದರೂ 135ರ ಆಸುಪಾಸು. 370 ವ್ಯಾಟಿನ ಮೋಟಾರಿಗೆ ಅದು ಲೆಕ್ಕಕ್ಕಿಲ್ಲ. ಹುಡುಗನ 31 ಬಾರ್ ನಿಜವಾಗಿದ್ದರೆ 420 ವ್ಯಾಟ್ ಬೇಕಾಗುತ್ತಿತ್ತು. ಅವನ 0.75 ಕಿಲೋವ್ಯಾಟ್ ಸಲಹೆ ಅವನ ಅಂಕಿಗೆ ಸರಿಯಾಗಿಯೇ ಇತ್ತು. ಲೆಕ್ಕದ ಹಾದಿಯಲ್ಲಿ ಬೇರೆಲ್ಲೂ ಅವನು ಎಡವಿರಲಿಲ್ಲ.

ತೆಳು ಎಣ್ಣೆ ಹಾಕಿದರಾಯಿತಲ್ಲ ಎಂದು ಯಾರೋ ಸೂಚಿಸಿದರು. 150 ದರ್ಜೆ ಹಾಕಿದರೆ ಬೆಳಿಗ್ಗೆ ಹರಿಯುವುದೇನೋ ಸಲೀಸು. ಆದರೆ ಗೇರ್‌ಬಾಕ್ಸ್ ತಯಾರಕರು 220 ಹೇಳಿರುವುದು ಮಧ್ಯಾಹ್ನದ ಬಿಸಿಯಲ್ಲಿ ಹಲ್ಲುಗಳ ನಡುವೆ ಉಳಿಯಬೇಕಾದ ಎಣ್ಣೆಯ ಪದರವನ್ನು ಲೆಕ್ಕಕ್ಕೆ ತೆಗೆದುಕೊಂಡು. ಬೆಳಗಿನ ಒಂದೆರಡು ಗಂಟೆಗಾಗಿ ದಿನವಿಡೀ ಹಲ್ಲು ಸವೆಸುವುದು ಜಾಣತನವಲ್ಲ. ಟ್ಯಾಂಕಿಗೆ ಹೀಟರ್ ಹಾಕುವುದು ಅದಕ್ಕಿಂತ ಒಳ್ಳೆಯ ಆಲೋಚನೆ. 25 ಡಿಗ್ರಿಗೆ ತಂದರೆ 0.52 ಪಾಸ್ಕಲ್ ಸೆಕೆಂಡ್, 8.4 ಬಾರ್. ಆದರೆ ಚಪ್ಪರದ ತೆರೆದ ಕೊಳವೆಯಲ್ಲಿ ರಾತ್ರಿಯಿಡೀ ನಿಂತ ಎಣ್ಣೆಯನ್ನು ಟ್ಯಾಂಕಿನ ಹೀಟರ್ ಬೆಚ್ಚಗೆ ಮಾಡುವುದಿಲ್ಲ, ಮೊದಲು ತಳ್ಳಬೇಕಾದದ್ದು ಅದನ್ನೇ. ಜೊತೆಗೆ ನೀರು ಕಾಯಿಸುವ ಹೀಟರನ್ನು ಎಣ್ಣೆಗೆ ಇಳಿಬಿಟ್ಟರೆ ಕಡ್ಡಿಯ ಮೈಗೆ ತಾಗಿದ ಎಣ್ಣೆ ಸುಟ್ಟು ಕರಿಕಟ್ಟುತ್ತದೆ. ಮೇಲ್ಮೈಯ ಪ್ರತಿ ಚದರ ಸೆಂಟಿಮೀಟರಿಗೆ ಕಡಿಮೆ ವ್ಯಾಟ್ ಇರುವ, ಎಣ್ಣೆಗೆಂದೇ ಮಾಡಿದ ಹೀಟರ್ ಬೇಕು.

ಸೂತ್ರದಲ್ಲಿ ವ್ಯಾಸ ನಾಲ್ಕನೇ ಘಾತದಲ್ಲಿ ಕೂತಿರುವಾಗ ಬೇರೆಲ್ಲಿಯೂ ಹುಡುಕಬೇಕಿಲ್ಲ. ಹೊರವ್ಯಾಸ 16 ಮಿಲಿಮೀಟರ್, ಗೋಡೆ ಒಂದೂವರೆ ಮಿಲಿಮೀಟರ್ ಇರುವ ಹೈಡ್ರಾಲಿಕ್ ಕೊಳವೆ ಅಂಗಡಿಯಲ್ಲಿ ಸಿಗುತ್ತದೆ, ಒಳವ್ಯಾಸ 13. ಮೂರೇ ಮಿಲಿಮೀಟರ್ ಹೆಚ್ಚಾದರೂ ಒತ್ತಡ 2.86 ಪಟ್ಟು ಇಳಿಯುತ್ತದೆ.

```
d = 13 mm,  Q = 4 L/min

40 °C: 0.192 Pa·s  →  1.1 bar
15 °C: 1.14  Pa·s  →  6.5 bar
10 °C: 1.77  Pa·s  → 10.1 bar
```

20 ಮಿಲಿಮೀಟರ್ ಕೊಳವೆ ಹಾಕಿದ್ದರೂ ಕೆಟ್ಟದ್ದೇನೂ ಆಗುತ್ತಿರಲಿಲ್ಲ, ದುಡ್ಡು ಮತ್ತು ಜೋಡಣೆಯ ಕೆಲಸ ಹೆಚ್ಚಾಗುತ್ತಿತ್ತು. ಫಿಲ್ಟರಿನ ಬಾಯಿ, ಗೇರ್‌ಬಾಕ್ಸಿನ ಬಾಯಿ, ಫ್ಲೋ ಸ್ವಿಚ್ ಎಲ್ಲಕ್ಕೂ ಹೊಂದುವ ತುಂಡುಗಳನ್ನು ಹುಡುಕಿ ಅಲೆಯಬೇಕಿತ್ತು. 13ಕ್ಕೆ ಅಡಾಪ್ಟರ್‌ಗಳು ಸುಲಭವಾಗಿ ಸಿಕ್ಕವು, ಒಂದು ಭಾನುವಾರದಲ್ಲಿ ಕೆಲಸ ಮುಗಿಯಿತು.

ಆಮೇಲೆ ಬಂದ ಚಳಿಯ ಬೆಳಿಗ್ಗೆ ಟ್ಯಾಂಕು 15ರಲ್ಲಿದ್ದಾಗ ಮಾಪಕ 7 ಬಾರ್ ದಾಟಿ ತುಸು ಮೇಲೆ ನಿಂತಿತು. ಲೆಕ್ಕದ 6.5ರ ಮೇಲೆ ಫಿಲ್ಟರಿನ ಪಾಲು. ಫ್ಲೋ ಸ್ವಿಚ್ ಒಪ್ಪಿತು, ಮುಖ್ಯ ಮೋಟಾರ್ ಮೊದಲ ಸಲಕ್ಕೇ ಎದ್ದಿತು. ಎರಡು ಅಂಕಿಗಳಿಂದ ಎಳೆದ ಗೆರೆಯನ್ನು 40ರಿಂದ ಕೆಳಗೆ ಚಾಚಿದ್ದೆವಾದ್ದರಿಂದ 10–15 ಶೇಕಡಾ ಆಚೀಚೆ ಆಗುವುದನ್ನು ನಾನು ನಿರೀಕ್ಷಿಸಿದ್ದೆ. ಎಣ್ಣೆಯ ಹರಿವು ನಿಲ್ಲುವ ಬಿಂದು ಮೈನಸ್ 9 ಇರುವುದರಿಂದ 15ರವರೆಗೆ ಚಾಚುವುದಕ್ಕೆ ಅಂಜಿಕೆಯಿಲ್ಲ. ಆ ಬಿಂದುವಿನ ಹತ್ತಿರಕ್ಕೆ ಹೋದರೆ ಎಣ್ಣೆಯೊಳಗೆ ಮೇಣ ಹರಳುಗಟ್ಟಿ ಗೆರೆ ಕೆಲಸಕ್ಕೆ ಬಾರದು.

10 ಡಿಗ್ರಿಗೆ ಇಳಿದರೆ ವಾಲ್ವ್ ಮತ್ತೆ ತುಸು ತೆರೆಯುತ್ತದೆ. ಫಿಲ್ಟರಿನ ಪಾಲು ಕಳೆದರೂ ಕೊಳವೆಯಲ್ಲಿ ನಿಮಿಷಕ್ಕೆ ಮೂರೂವರೆ ಲೀಟರ್ ಹರಿಯುವುದರಿಂದ ಸ್ವಿಚ್ ಬೀಳುವುದಿಲ್ಲ. ಫಿಲ್ಟರ್ ಕೊಳೆ ಕಟ್ಟಿದ್ದರೆ ಮಾತ್ರ ಆ ಅಂತರ ಕರಗುತ್ತದೆ. ಹಾಗಾಗಿ ಫಿಲ್ಟರ್ ಬದಲಿಸುವ ಕೆಲಸವನ್ನು ಡಿಸೆಂಬರಿಗೆ ಮೊದಲು ಮುಗಿಸಬೇಕೆಂದು ಪಟ್ಟಿಗೆ ಸೇರಿಸಿದ್ದಾರೆ. ಹುಡುಗ ತನ್ನ ಎಕ್ಸೆಲ್ ಹಾಳೆಯಲ್ಲಿ ಎರಡು ಬದಲಾವಣೆ ಮಾಡಿದ. ಸ್ನಿಗ್ಧತೆಯ ಕೋಶ ಈಗ ಮಿಲಿಪಾಸ್ಕಲ್ ಸೆಕೆಂಡಿನಲ್ಲಿ ಕೇಳುತ್ತದೆ, ಹಾಳೆಯಲ್ಲಿ cP ಇದ್ದರೂ mPa·s ಇದ್ದರೂ ಅದೇ ಅಂಕಿ ತುಂಬಿದರಾಯಿತು, ಭಾಗಾಕಾರವನ್ನು ಸೂತ್ರವೇ ಮಾಡಿಕೊಳ್ಳುತ್ತದೆ. ಪಕ್ಕದ ಕೋಶದಲ್ಲಿ ತಾಪಮಾನ ತುಂಬದಿದ್ದರೆ ಒತ್ತಡದ ಉತ್ತರ ಖಾಲಿ ಉಳಿಯುತ್ತದೆ.